ಕಾಳು ನೋಡಲು ಮೂವತ್ತು ತಾಸು

ನಮ್ಮ ಮನೆಯ ಊಟದ ಮೇಜಿನ ಮೇಲೆ ಹೋದ ವರ್ಷ ಬೇಸಿಗೆಯಿಡೀ ಒಂದು ಪಠ್ಯಕ್ರಮ ಬಿದ್ದುಕೊಂಡಿತ್ತು. ಹದಿನಾರು ಪುಟ. ಅದರ ಮೇಲೆ ಗಾಳಿಗೆ ಹಾರದಂತೆ ಉಪ್ಪಿನಕಾಯಿ ಭರಣಿ. ಊಟಕ್ಕೆ ಬಂದವರು ಭರಣಿ ಎತ್ತಿ ಬದಿಗಿಟ್ಟು, ಪುಟಗಳನ್ನು ಕಿಟಕಿಯ ಕಟ್ಟೆಗೆ ಸಾಗಿಸಿ, ಉಂಡು, ಮತ್ತೆ ಅಲ್ಲೇ ತಂದಿಡುತ್ತಿದ್ದರು. ನಮ್ಮ ಯಜಮಾನರು ಒಮ್ಮೆ ಎರಡನೆಯ ಪುಟ ಓದಿ, "ಇದು ರೇಲ್ವೆ ಟೈಮ್ ಟೇಬಲ್ ಇದ್ದಂಗದ, ಗಾಡಿ ಮಾತ್ರ ಕಾಣವಲ್ದು" ಎಂದು ಹೇಳಿ ಮೊಸರು ಕೇಳಿದ್ದರು.

ನಾನು ಬೀದರಿನ ಒಂದು ಪದವಿ ಕಾಲೇಜಿನಲ್ಲಿ ವಾಣಿಜ್ಯ ಕಲಿಸುತ್ತೇನೆ. ಮನೆ ನೌಬಾದದಲ್ಲಿ. ಬಿ.ಕಾಂ. ಪಠ್ಯಕ್ರಮ ಬದಲಾಗುವ ವರ್ಷ 'ಕೃಷಿ ಮಾರುಕಟ್ಟೆ' ಎಂಬ ಪತ್ರಿಕೆಯ ಕರಡು ಬರೆಯುವ ಕೆಲಸ ಮೂವರಿಗೆ ಬಂದಿತ್ತು. ಒಬ್ಬಳು ನಾನು. ಇನ್ನೊಬ್ಬರು ಭಾಲ್ಕಿಯ ಕಾಲೇಜಿನ ವಿಭಾಗ ಮುಖ್ಯಸ್ಥರು. ಅವರನ್ನು ನಾವೆಲ್ಲ ಭಾಲ್ಕಿ ಸರ್ ಎನ್ನುತ್ತೇವೆ. ಮೂರನೆಯವಳು ಔರಾದ ಕಾಲೇಜಿನಲ್ಲಿ ಹನ್ನೊಂದು ವರ್ಷಗಳಿಂದ ಅತಿಥಿ ಉಪನ್ಯಾಸಕಿಯಾಗಿರುವ ಹೆಣ್ಣುಮಗಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಭಾಲ್ಕಿ ಸರ್ ಬಿಟ್ಟರೆ ಆ ಪತ್ರಿಕೆಯನ್ನು ನಮ್ಮ ಕಡೆ ಅವಳಷ್ಟು ಸಲ ಕಲಿಸಿದವರು ಯಾರೂ ಇರಲಿಲ್ಲ ಎಂದು ಅವಳನ್ನು ಸೇರಿಸಿಕೊಂಡಿದ್ದರು.

ಈ ದಾಖಲೆ ಹೇಗಿರುತ್ತದೆ ಎಂದು ಹೇಳಿಬಿಡುತ್ತೇನೆ. ಮೊದಲು ಕಲಿಕಾ ಫಲಿತಗಳು: ಈ ಪತ್ರಿಕೆ ಓದಿ ಮುಗಿಸಿದ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು ಎಂಬ ಐದು ವಾಕ್ಯ. 'ತಿಳಿದುಕೊಳ್ಳುವರು' ಎಂದು ಬರೆಯುವ ಹಾಗಿಲ್ಲ. ತಿಳಿದುಕೊಂಡದ್ದನ್ನು ಯಾರೂ ಅಳೆಯಲಾರರು. 'ವಿಂಗಡಿಸುವರು', 'ಹೋಲಿಸುವರು', 'ಲೆಕ್ಕ ಹಾಕುವರು' ಎನ್ನಬೇಕು. ಆಮೇಲೆ ಒಂದು ಕೋಷ್ಟಕ. ಯಾವ ಫಲಿತಕ್ಕೆ ಯಾವ ಘಟಕ, ಆ ಘಟಕಕ್ಕೆ ಎಷ್ಟು ತಾಸು, ಹೇಗೆ ಕಲಿಸುತ್ತೀರಿ, ಕಲಿತದ್ದನ್ನು ಹೇಗೆ ಪರೀಕ್ಷಿಸುತ್ತೀರಿ. ಅಡ್ಡ ಸಾಲಿನಲ್ಲಿ ಒಂದು ಮನೆಯೂ ಖಾಲಿ ಇರಬಾರದು. ತಾಸು ಇದ್ದು ಫಲಿತ ಇಲ್ಲದಿದ್ದರೆ ಅದು ಹರಟೆ. ಫಲಿತ ಇದ್ದು ಪರೀಕ್ಷೆ ಇಲ್ಲದಿದ್ದರೆ ಅದು ಹಾರೈಕೆ. ಹೀಗೆಂದದ್ದು ಭಾಲ್ಕಿ ಸರ್. ಕೊನೆಗೆ ಇನ್ನೊಂದು ಕೋಷ್ಟಕ: ನಮ್ಮ ಐದು ಫಲಿತಗಳು ಇಡೀ ಪದವಿಯ ಗುರಿಗಳಿಗೆ ಎಷ್ಟು ಹತ್ತಿರ ಎಂದು ಒಂದು, ಎರಡು, ಮೂರು ಅಂಕಿ ಹಾಕುವುದು. ಬಹಳ ಮಂದಿ ಎಲ್ಲ ಮನೆಗೂ ಮೂರು ಹಾಕಿ ಚಹಾ ಕುಡಿಯಲು ಹೋಗುತ್ತಾರೆ. ದಾಖಲೆ ಇದ್ದದ್ದು ಇಂಗ್ಲಿಷಿನಲ್ಲಿ. ಜಗಳ ಆಡಿದ್ದು ಕನ್ನಡದಲ್ಲಿ.

ಈಗ ಔರಾದ ಮೇಡಂ ವಿಷಯ. ಅತಿಥಿ ಉಪನ್ಯಾಸಕರಿಗೆ ವಾರಕ್ಕೆ ಹದಿನೈದು ತಾಸಿನ ಪಾಠ ಇದ್ದರೆ ಪೂರ್ಣ ಕಾರ್ಯಭಾರ. ಒಂದು ತಾಸು ಕಡಿಮೆಯಾದರೂ ಅರೆ ಕಾರ್ಯಭಾರ. ಹದಿನಾಲ್ಕಕ್ಕೂ ಎಂಟಕ್ಕೂ ಸರಕಾರಿ ಕಾಗದದಲ್ಲಿ ಭೇದವಿಲ್ಲ. ಹೊಸ ರಚನೆಯಲ್ಲಿ ಅವಳ ಪತ್ರಿಕೆಗಳನ್ನೆಲ್ಲ ಕೂಡಿಸಿದಾಗ ಹದಿನಾಲ್ಕೇ ಬಂದಿತ್ತು. ಅರೆ ಕಾರ್ಯಭಾರವಾದರೆ ಉಳಿದರ್ಧವನ್ನು ಭಾಲ್ಕಿಯಲ್ಲೋ ಬೀದರಿನಲ್ಲೋ ಹುಡುಕಿಕೊಂಡು, ಒಂದೇ ದಿನ ಎರಡು ಊರಿನ ಬಸ್ಸು ಹಿಡಿಯಬೇಕು. ಸಿಕ್ಕರೆ. ಸಿಗದಿದ್ದರೆ ಅರ್ಧ ಸಂಬಳವೇ ಗತಿ. ಇದನ್ನು ಅವಳು ನನಗೆ ಫೋನಿನಲ್ಲಿ, ಬೇರೆ ಯಾರದೋ ಸುದ್ದಿ ಹೇಳುವ ಧಾಟಿಯಲ್ಲಿ ಹೇಳಿದ್ದಳು.

"ಒಂದು ತಾಸು ಕಮ್ಮಿ ಬೀಳ್ತದರಿ ಅಕ್ಕಾ. ಒಂದೇ."

ನಮ್ಮ ಪತ್ರಿಕೆಗೆ ಮೂರು ಕ್ರೆಡಿಟ್. ವಾರಕ್ಕೆ ಒಂದು ತಾಸಿನ ಉಪನ್ಯಾಸಕ್ಕೆ ಒಂದು ಕ್ರೆಡಿಟ್. ಆದರೆ ಪ್ರಾಯೋಗಿಕವಾದರೆ ಎರಡು ತಾಸಿಗೆ ಒಂದು. ಅಂದರೆ ಬರೀ ಉಪನ್ಯಾಸ ಇಟ್ಟರೆ ವಾರಕ್ಕೆ ಮೂರು ತಾಸು. ಎರಡು ತಾಸು ಉಪನ್ಯಾಸ, ಎರಡು ತಾಸು ಪ್ರಾಯೋಗಿಕ ಇಟ್ಟರೆ ಅವೇ ಮೂರು ಕ್ರೆಡಿಟ್, ತಾಸು ಮಾತ್ರ ನಾಲ್ಕು. ನಾನು ಭರಣಿ ಸರಿಸಿ, ಪೆನ್ಸಿಲಿನಲ್ಲಿ ಮೂರನ್ನು ಹೊಡೆದು ನಾಲ್ಕು ಬರೆದೆ. ಹದಿನೈದು ವಾರಕ್ಕೆ ಮೂವತ್ತು ತಾಸು ಉಪನ್ಯಾಸ, ಮೂವತ್ತು ತಾಸು ಪ್ರಾಯೋಗಿಕ. ಆಮೇಲೆ ಆ ಮೂವತ್ತು ತಾಸಿನಲ್ಲಿ ಏನು ಮಾಡಬೇಕೆಂದು ಯೋಚಿಸಿದೆ. ಈ ಕ್ರಮ ತಿರುವುಮುರುವು ಎಂದು ನನಗೆ ಗೊತ್ತಿತ್ತು.

ಯೋಚಿಸಲು ಬಹಳ ಹೊತ್ತು ಹಿಡಿಯಲಿಲ್ಲ. ಗಾಂಧಿ ಗಂಜ ಇದೆಯಲ್ಲ, ನಮ್ಮೂರ ಕಾಳಿನ ಮಾರುಕಟ್ಟೆ. ಹುಡುಗರು ಮಾರುಕಟ್ಟೆಗೆ ಹೋಗಿ, ಚೀಲದಿಂದ ಮಾದರಿ ಕಾಳು ತೆಗೆದು, ತೇವ, ಕಸ, ಒಡಕು ನೋಡಿ ದರ್ಜೆ ಹೇಳಬೇಕು. ನಾಲ್ಕನೆಯ ಫಲಿತ. ಒಂದು ಲಾಟು, ಅಂದರೆ ಒಬ್ಬ ರೈತ ತಂದ ಮಾಲು, ಮಾರುಕಟ್ಟೆಯ ಬಾಗಿಲಿಗೆ ಬಂದಾಗಿನಿಂದ ಕಂಪ್ಯೂಟರಿನಲ್ಲಿ ಟೆಂಡರ್ ಬಿದ್ದು ತೂಕವಾಗುವವರೆಗೆ ಹಿಂಬಾಲಿಸಿ ದಾಖಲೆ ಬರೆಯಬೇಕು. ಐದನೆಯ ಫಲಿತ. ಬೀದರ ಎಂದ ಮೇಲೆ ತೊಗರಿ. 'ಆರನೆಯ ವಾರದಿಂದ ಹತ್ತನೆಯ ವಾರ: ತೊಗರಿಯ ಆವಕ ಮತ್ತು ದರ್ಜೆ' ಎಂದು ಬರೆದೆ. ನನ್ನ ಅಕ್ಷರ ಅವತ್ತು ಚೆನ್ನಾಗಿ ಬಂದಿತ್ತು.

ಮೇ ತಿಂಗಳ ಒಂದು ಬುಧವಾರ ಭಾಲ್ಕಿಯಲ್ಲಿ ಸೇರಿದೆವು. ಮುಂದಿನ ವಾರವೇ ಅಧ್ಯಯನ ಮಂಡಳಿಯ ಸಭೆ. ಅಲ್ಲಿ ಒಪ್ಪಿಗೆಯಾದರೆ ಕರಡು ಪಠ್ಯಕ್ರಮವಾಗುತ್ತದೆ. ಭಾಲ್ಕಿ ಸರ್ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಔರಾದ ಮೇಡಂ ಡಬ್ಬಿಯಲ್ಲಿ ಸುಸಲಾ, ಒಗ್ಗರಣೆ ಹಾಕಿದ ಚುರುಮುರಿ, ಕಟ್ಟಿಕೊಂಡು ಬಂದಿದ್ದಳು. ಸರ್ ಮೊದಲು ಕರಡು ಓದಿ ಆಮೇಲೆ ತಿನ್ನೋಣ ಎಂದರು. ಬೆರಳಿಗೆ ಎಣ್ಣೆ ಹತ್ತಿದರೆ ಪುಟಕ್ಕೆ ಹತ್ತುತ್ತದೆ.

ಅವರು ಇಪ್ಪತ್ತೆರಡು ವರ್ಷ ಕೃಷಿ ಮಾರುಕಟ್ಟೆ ಕಲಿಸಿದವರು. ಎಲ್ಲ ಮನೆಗೂ ಮೂರು ಹಾಕುವವರನ್ನು ಕಂಡರೆ ಅವರಿಗಾಗದು. ಒಂದೊಂದು ಸಾಲಿನ ಕೆಳಗೂ ಸ್ಕೇಲು ಇಟ್ಟು ಓದಿದರು. ನಾಲ್ಕನೆಯ ಫಲಿತಕ್ಕೆ ಬಂದಾಗ ಸ್ಕೇಲು ನಿಂತಿತು.

"ಮೇಡಂ, ಕಾಮರ್ಸ್‌ದಾಗ ಪ್ರಾಕ್ಟಿಕಲ್ಲು? ಲ್ಯಾಬ್ ಎಲ್ಲದರಿ?"

"ಗಂಜೇ ಲ್ಯಾಬು ಸರ್."

"ಕಾಳು ನೋಡ್ಲಾಕ ಮೂವತ್ತು ತಾಸು ಬೇಕೇನ್ರಿ? ನಮ್ಮ ಮನಿಯವರು ಅಂಗಡಿ ಮುಂದ ನಿಂತು ಮೂರು ನಿಮಿಷದಾಗ ನೋಡ್ತಾರ."

"ಅವರು ನೋಡ್ಲಕತ್ತು ಮೂವತ್ತು ವರ್ಷ ಆಗ್ಯಾದಲ್ರಿ," ಎಂದೆ.

ಸರ್ ನಗಲಿಲ್ಲ, ಆದರೆ ಸ್ಕೇಲು ಮುಂದೆ ಹೋಯಿತು. ಜಾಗದ ಅಂಕಣದಲ್ಲಿ ನಾನು 'ಗಾಂಧಿ ಗಂಜ, ಬೀದರ' ಎಂದು ಬರೆದಿದ್ದೆ. ಭಾಲ್ಕಿಯ ಹುಡುಗರು, ಔರಾದ ಹುಡುಗರು ವಾರಾವಾರ ಬೀದರಿಗೆ ಬರುವುದು ಹೇಗೆ ಎಂದರು. ಅಲ್ಲಿಯೂ ಮಾರುಕಟ್ಟೆ ಪ್ರಾಂಗಣಗಳಿವೆ. 'ಸಮೀಪದ ಕೃಷಿ ಮಾರುಕಟ್ಟೆ ಪ್ರಾಂಗಣ' ಎಂದು ತಿದ್ದಿದೆವು. ಪ್ರಾಯೋಗಿಕ ತಾಸನ್ನು ಕಾರ್ಯಭಾರದಲ್ಲಿ ಪೂರ್ತಿ ಹಿಡಿಯುತ್ತಾರೋ ಇಲ್ಲವೋ ಎಂದರು. ಹಿಡಿಯುತ್ತಾರೆ ಎನ್ನುವ ಸುತ್ತೋಲೆಯನ್ನು ನಾನು ಚೀಲದಿಂದ ತೆಗೆದು ಇಟ್ಟೆ. ಅದನ್ನೂ ಸ್ಕೇಲು ಇಟ್ಟು ಓದಿದರು. ಆಮೇಲೆ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಸುತ್ತೋಲೆಯನ್ನು ಯಾರೂ ಸುಮ್ಮನೆ ಚೀಲದಲ್ಲಿ ಇಟ್ಟುಕೊಂಡು ತಿರುಗುವುದಿಲ್ಲ ಎಂಬುದು ಅವರಿಗೆ ಹೊಳೆದಿರಬೇಕು.

"ಇರಲಿ," ಎಂದು ಪೆನ್ನಿನ ಟೋಪಿ ತೆಗೆದರು. ಸಹಿಯ ಜಾಗ ಹದಿನಾರನೆಯ ಪುಟದ ಕೆಳಗೆ.

ಆಗ ಔರಾದ ಮೇಡಂ ಬಾಯಿ ಬಿಟ್ಟಳು. ಅಲ್ಲಿಯವರೆಗೆ ಅವಳು ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

"ಸರ್, ಒಂದು ಮಾತ್ರಿ. ಆರನೇ ವಾರ ಅಂದ್ರ ಸೆಪ್ಟೆಂಬರ ಕಡೀಗೆ ಬರ್ತದ. ತೊಗರಿ ಆಗ ಗಂಜಿನಾಗ ಇರಂಗಿಲ್ರಿ."

"ಮತ್ತ ಎಲ್ಲಿರ್ತದ?"

"ಹೊಲದಾಗರಿ. ಸೊಂಟದ ಮಟ ನಿಂತಿರ್ತದ. ಹೂವೂ ಆಗಿರೂದಿಲ್ಲ."

ಹಳೆಯ ರಚನೆಯಲ್ಲಿ ಈ ಪತ್ರಿಕೆ ಆರನೆಯ ಸೆಮಿಸ್ಟರಿನಲ್ಲಿತ್ತು, ಜನವರಿಯಿಂದ ಮುಂದೆ, ಗಂಜಿನಲ್ಲಿ ತೊಗರಿ ಕಾಲಿಡಲು ಜಾಗವಿಲ್ಲದಂತೆ ಬೀಳುವ ಕಾಲ. ಹೊಸದರಲ್ಲಿ ಅದನ್ನು ಐದನೆಯದಕ್ಕೆ ತಂದಿದ್ದರು. ಐದು, ಆರು ಎಂಬುದು ನನಗೆ ಅಂಕಣದ ಸಂಖ್ಯೆಯಾಗಿ ಕಂಡಿತ್ತೇ ಹೊರತು ಮಳೆ, ಚಳಿಯಾಗಿ ಕಂಡಿರಲಿಲ್ಲ. ಭಾಲ್ಕಿ ಸರ್ ಸ್ಕೇಲಿಗೂ ಕಂಡಿರಲಿಲ್ಲ. ವಾಣಿಜ್ಯ ವಿಭಾಗದವರಿಗೆ ವರ್ಷವೆಂದರೆ ಎರಡು ಸೆಮಿಸ್ಟರು.

ಸರ್ ಪೆನ್ನಿನ ಟೋಪಿ ಹಾಕಿದರು.

ಅವಳು ಸುಮ್ಮನಿದ್ದಿದ್ದರೆ ಸಹಿ ಬೀಳುತ್ತಿತ್ತು. ಮಂಡಳಿಯಲ್ಲೂ ಯಾರೂ ಹಿಡಿಯುತ್ತಿರಲಿಲ್ಲವೇನೋ. ಅವಳ ನಾಲ್ಕನೆಯ ತಾಸು ಕುಳಿತಿದ್ದದ್ದೇ ಆ ತೊಗರಿಯ ಮೇಲೆ.

"ಅಂದ್ರ ಇದು ಹ್ಯಾಂಗಾತ್ರಿ ಮೇಡಂ," ಎಂದರು ಸರ್ ನನ್ನ ಕಡೆ ತಿರುಗಿ. "ಮೊದಲ ತಾಸು ಬರದೀರಿ. ಆಮ್ಯಾಲ ಅದರಾಗ ತುಂಬಲಾಕ ಕಾಳು ಹುಡುಕೀರಿ. ಕಾಳೂ ಸಿಗಲಿಲ್ಲ. ತಾಸಿನ ಸಲುವಾಗಿ ಸಿಲೆಬಸ್ ಬರೀಬಾರದ್ರಿ. ಹುಡುಗರಿಗೆ ಏನ್ ಬರಬೇಕು ಅಂಬೂದು ಮೊದಲ, ತಾಸು ಆಮ್ಯಾಲ."

ಅವರು ಹೇಳಿದ್ದು ಸರಿ ಇತ್ತು.

"ತೊಗರಿ ಇಲ್ಲಂದ್ರ ಹೆಸರು ಇರ್ತದಲ್ರಿ ಸರ್," ಎಂದಳು ಅವಳು. "ಆಗಸ್ಟದಾಗ ಹೆಸರು, ಉದ್ದು. ದಸರಾದ ಕಡೆ ಸೋಯಾ."

"ಅದು ಹೌದು. ಆದ್ರ ನನ್ನ ಮಾತು ಬ್ಯಾರೆ. ಕಾಳಿನ ದರ್ಜಿ ಹೇಳೂದು ಬರೆಯೋ ಪರೀಕ್ಷಿಯಿಂದ ಅಳೀಲಾಕ ಬರ್ತದೋ ಇಲ್ಲೋ? ಬರ್ತದಂದ್ರ ಅದು ಥಿಯರಿ. ಮೂರು ತಾಸು ಸಾಕು. ನಾ ಇಪ್ಪತ್ತೆರಡು ವರ್ಷ ದರ್ಜಿ ಬಗ್ಗೆ ಬೋರ್ಡಿನ ಮ್ಯಾಲೇ ಕಲಿಸೀನಿ. ಹುಡುಗರು ಪಾಸ್ ಆಗ್ಯಾರ."

"ಪಾಸ್ ಆಗ್ಯಾರ್ರಿ," ಎಂದಳು ಅವಳು. ಎಷ್ಟು ಮೆತ್ತಗೆ ಅಂದಳೆಂದರೆ ಸರ್ ಅದನ್ನು ಒಪ್ಪಿಗೆ ಎಂದು ತಿಳಿಯಬಹುದಿತ್ತು. ತಿಳಿಯಲಿಲ್ಲ.

"ಅಂದ್ರ?"

"ಏನಿಲ್ರಿ ಸರ್. ಸುಸಲಾ ಆರಿ ಹೋಗ್ಲಕತ್ತಾದ."

ಸುಸಲಾ ತಿಂದೆವು. ತಿನ್ನುತ್ತ ಸರ್ ತಾವಾಗಿಯೇ ಒಂದು ದಾರಿ ಹೇಳಿದರು. ಶನಿವಾರ ಗಂಜಿಗೆ ಬರುತ್ತೇನೆ. ನೀವು ಕರಡಿನಲ್ಲಿ ಬರೆದ ಪರೀಕ್ಷೆಯನ್ನೇ, ಅದೇ ಅಂಕಗಳಂತೆ, ನನಗೆ ಕೊಡಿ. ಪುಸ್ತಕ ಓದಿದವನಿಗೆ ಬಂದರೆ ಪ್ರಾಯೋಗಿಕ ತೆಗೆದುಹಾಕೋಣ. ಬಾರದಿದ್ದರೆ ಸಹಿ. ಇದು ಅವರಿಗೆ ತಮಾಷೆಯಾಗಿರಲಿಲ್ಲ. ಡೈರಿ ತೆಗೆದು ಶನಿವಾರದ ಪುಟದಲ್ಲಿ 'ಪರೀಕ್ಷೆ' ಎಂದು ಬರೆದುಕೊಂಡರು.

ಬಸ್ ನಿಲ್ದಾಣದ ತನಕ ನಾವಿಬ್ಬರೂ ನಡೆದು ಬಂದೆವು. "ಹೇಳದೆ ಇರಬಹುದಿತ್ತಲ್ಲ ತಂಗಿ," ಎಂದೆ.

"ಹ್ಯಾಂಗ್ ಇರಲ್ರಿ ಅಕ್ಕಾ? ಸೆಪ್ಟೆಂಬರದಾಗ ಹುಡುಗರನ್ನ ಕರ್ಕೊಂಡು ಹೋಗಿ ನಿಂದ್ರಾಕಿ ನಾನೇ. ಖಾಲಿ ಕಟ್ಟಿ ತೋರ್ಸಲೇನು?"

ಔರಾದ ಬಸ್ಸು ಬಂತು. ಅವಳು ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿದಳು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಗಂಜಿನಲ್ಲಿದ್ದೆವು. ಮೇ ತಿಂಗಳಲ್ಲಿ ಮಾಲು ಕಡಿಮೆ. ಬೆಲೆ ಏರಲೆಂದು ಮನೆಯಲ್ಲಿಟ್ಟುಕೊಂಡವರ ಕಡಲೆ, ಹಳೆಯ ತೊಗರಿ ಒಂದೊಂದು ಚಕ್ಕಡಿ, ಒಂದೊಂದು ಟೆಂಪೊ ಬರುತ್ತಿತ್ತು. ನಮ್ಮ ಯಜಮಾನರ ಪರಿಚಯದ ಒಂದು ಅಡತ ದಲ್ಲಾಳಿಯ ಅಂಗಡಿಯ ಪಡಸಾಲೆಯಲ್ಲಿ ನಮಗೆ ಜಾಗ ಕೊಟ್ಟರು. ಅಲ್ಲಿ ಕಾಳು ನೋಡಿ ದರ್ಜೆ ಹೇಳುವ ಒಬ್ಬ ಮುದುಕರಿದ್ದಾರೆ. ಹಮಾಲಿ ಮಾಡುತ್ತ ಸೇರಿದವರು, ಬೆನ್ನು ಸೋತ ಮೇಲೆ ಕೈಯಿಂದ ಬದುಕಿದವರು. ಗಂಜಿಗೆಲ್ಲ ಚಾಚಾ. ಅವರಿಗೆ ನಾನು ಹಿಂದಿನ ದಿನವೇ ಎಲ್ಲ ವಿವರಿಸಿದ್ದೆ: ಆರು ತಟ್ಟೆ ತೊಗರಿ, ತಟ್ಟೆಗೊಂದು ನಂಬರು, ಪರೀಕ್ಷೆಗೆ ಕೂತವರು ಪ್ರತಿಯೊಂದರ ದೋಷ ಹೇಳಿ, ಒಳ್ಳೆಯದರಿಂದ ಕೆಟ್ಟದ್ದರವರೆಗೆ ಸಾಲು ಹಚ್ಚಬೇಕು. ತಟ್ಟೆಗೆ ಎರಡು ಅಂಕ, ಒಟ್ಟು ಹನ್ನೆರಡು.

"ಕಾಲೇಜಿನ ಇಮ್ತಿಹಾನ್ ನಾ ತೊಗೋಬೇಕಾ?" ಎಂದರು ಚಾಚಾ. "ನಾ ನಾಕನೇತ್ತದಾಗೇ ಸಾಲಿ ಬಿಟ್ಟೀನಲ್ಲಮ್ಮಾ."

"ಅದಕ್ಕೇ ನಿಮಗ ಯಾರ ಹಂಗೂ ಇಲ್ಲ ಚಾಚಾ."

ಭಾಲ್ಕಿ ಸರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪ್ಯಾಡು, ಎರಡು ಪೆನ್ನು ತಂದಿದ್ದರು. ತಟ್ಟೆಗಳ ಮುಂದೆ ಕನ್ನಡಕ ಸರಿಮಾಡಿಕೊಂಡು ಬಾಗಿದರು. ಬಹಳ ಹೊತ್ತು ನೋಡಿದರು. ಪುಸ್ತಕದಲ್ಲಿರುವ ದೋಷಗಳೆಲ್ಲ ಅವರಿಗೆ ಬಾಯಿಪಾಠ: ತೇವಾಂಶ, ಹೊರವಸ್ತು, ಒಡಕು, ಹುಳ ತಿಂದದ್ದು, ಜೊಳ್ಳು. ಒಂದೊಂದನ್ನೂ ಶೇಕಡಾ ಮಿತಿಯ ಸಮೇತ ಹೇಳಬಲ್ಲರು. ಯಾವ ತಟ್ಟೆಯಲ್ಲಿ ಯಾವುದಿದೆ ಎಂಬುದಷ್ಟೇ ಉಳಿದಿತ್ತು.

"ಸಾಹೇಬ್ರ, ಕಣ್ಣಿಲೆ ಏನ್ ನೋಡ್ತೀರಿ? ಲಗ್ನದ ಹುಡುಗಿ ಅದ ಏನದು? ಕೈ ಹಾಕ್ರಿ," ಎಂದರು ಚಾಚಾ.

ಸರ್ ಎರಡು ಬೆರಳಿನಿಂದ ನಾಲ್ಕು ಕಾಳು ಎತ್ತಿದರು.

"ಹಂಗಲ್ರಿ. ಮುಠ್ಠಿ. ತಳದಾಗಿಂದ್ ತೆಗೀರಿ. ಮ್ಯಾಲಿಂದು ಎಲ್ಲಾರ್ದೂ ಚಂದೇ ಇರ್ತದ."

"ಪರೀಕ್ಷಾ ನಡದಾಗ ಹೇಳಿಕೊಡಬಾರದು," ಎಂದರು ಸರ್.

"ಮಾಫ್ ಮಾಡ್ರಿ," ಎಂದು ಚಾಚಾ ಬೀಡಿ ಹಚ್ಚಲು ಆಚೆ ಹೋದರು.

ಸರ್ ಇಪ್ಪತ್ತು ನಿಮಿಷ ತೆಗೆದುಕೊಂಡರು. ಆಮೇಲೆ ನಾನು ಕೂತೆ. ಆಮೇಲೆ ಅವಳು. ಅವಳಪ್ಪನಿಗೆ ಔರಾದ ಕಡೆಯ ಹಳ್ಳಿಯಲ್ಲಿ ಮಳೆಯ ಮೇಲೆ ನಿಂತ ಹೊಲ, ಒಂದಿಷ್ಟು ಕುರಿ. ಕಾಳು ಹಸನು ಮಾಡುವ ಕೆಲಸ ಮನೆಯ ಹೆಂಗಸರದ್ದು. ಅವಳು ತಟ್ಟೆಗಳನ್ನು ನೋಡಿದಂತೆಯೇ ಕಾಣಲಿಲ್ಲ. ಕೈ ತಳದವರೆಗೆ ಇಳಿಸಿ, ಮುಷ್ಟಿ ಬಿಗಿಹಿಡಿದು ಬಿಟ್ಟಳು. ಒಂದೆರಡು ಕಾಳು ಹಲ್ಲಿನಲ್ಲಿಟ್ಟು ಕಟ್ಟೆನ್ನುತ್ತದೋ ಕೇಳಿದಳು. ನಾಲ್ಕನೆಯ ತಟ್ಟೆಗೆ ಬಂದಾಗ ಬೆರಳುಗಳನ್ನು ಒಂದಕ್ಕೊಂದು ತಿಕ್ಕಿ ಸೆರಗಿಗೆ ಒರೆಸಿಕೊಂಡಳು. ಐದು ನಿಮಿಷದಲ್ಲಿ ಮುಗಿಸಿದಳು.

ಚಾಚಾ ಉತ್ತರ ಹೇಳಿದರು. ನಾನು ಅಂಕ ಬರೆದೆ. ಅವಳಿಗೆ ಹನ್ನೆರಡಕ್ಕೆ ಹತ್ತು. ನನಗೆ ಆರು. ಇಪ್ಪತ್ತೈದು ವರ್ಷದಿಂದ ಮನೆಗೆ ಬೇಳೆ ತರುವವಳು ನಾನೇ ಎಂಬುದನ್ನು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಭಾಲ್ಕಿ ಸರ್‌ಗೆ ನಾಲ್ಕು.

ಸರ್ ಮೊದಲನೆಯ ಸ್ಥಾನ ಕೊಟ್ಟದ್ದು ನಾಲ್ಕನೆಯ ತಟ್ಟೆಗೆ. ಹೊಳೆಯುತ್ತಿತ್ತು, ಕಾಳು ದುಂಡಗಿತ್ತು.

"ಅದರಾಗ ಹೋದ ವರ್ಷದ ಮಾಲದರಿ," ಎಂದರು ಚಾಚಾ. "ಹುಳ ಬೀಳ್ಲಕತ್ತಾದ. ನಿಮ್ಮ ಸಲುವಾಗಿ ನಾನೇ ಎಣ್ಣಿ ಕೈ ಸವರೀನಿ. ಚಮಕ್ ಬಂತು."

"ಇದು ಮೋಸ," ಎಂದರು ಸರ್.

"ಮೋಸೇ ಅಲ್ಲೇನ್ರಿ ಮತ್ತ? ಅದನ್ನ ಹಿಡೀಲಾಕೇ ಅಲ್ಲೇನು ನೀವು ಕಲಸೂದು?"

ಸರ್ ಮತ್ತೆ ಬಾಗಿದರು. ನಾಲ್ಕನೆಯ ತಟ್ಟೆಯಲ್ಲಿ ಕೈ ಹಾಕಿ, ಮುಷ್ಟಿ ಹಿಡಿದು ಬಿಟ್ಟು, ಬೆರಳು ತಿಕ್ಕಿ ನೋಡಿಕೊಂಡರು. ಮತ್ತೊಮ್ಮೆ ಹಾಗೇ ಮಾಡಿದರು. ಹೋಗಿಬರುವ ಹಮಾಲರು ಒಂದು ಕ್ಷಣ ನಿಂತು, ಇಸ್ತ್ರಿ ಅಂಗಿಯವರು ತಟ್ಟೆಯೊಳಗೆ ಕೈಯಾಡಿಸುವುದನ್ನು ನೋಡಿ ಮುಂದೆ ಹೋದರು.

"ಹನ್ನೆರಡಕ್ಕೆ ನಾಕು," ಎಂದರು ಕೊನೆಗೆ. "ಪಾಸಿಗೆ ಎಷ್ಟಿಟ್ಟೀರಿ?"

"ಐದು ಸರ್."

"ಫೇಲ್." ಪ್ಯಾಡಿನ ಮೇಲೆ ತಮ್ಮ ಅಂಕವನ್ನು ಬರೆದು ಕೆಳಗೆ ಗೆರೆ ಎಳೆದರು. "ಥಿಯರಿಯೊಳಗ ಇದೇ ಪ್ರಶ್ನೆಗೆ ನನಗ ಪೂರಾ ಮಾರ್ಕ್ಸ್ ಬರ್ತಾವ. ಅಂದ್ರ ಬರೆಯೋ ಪರೀಕ್ಷಿ ಬ್ಯಾರೆ ಏನನ್ನೋ ಅಳೀಲಕತ್ತಾದ."

"ಸರ್, ಚಹಾ ಹೇಳ್ಲೇನ್ರಿ?" ಎಂದಳು ಔರಾದ ಮೇಡಂ.

"ಹೇಳವಾ. ಮೊದಲ ಕರಡು ತೆಗಿ."

ಅಲ್ಲೇ, ಕಡಲೆ ಚೀಲದ ಮೇಲೆ ಪ್ಯಾಡಿಟ್ಟುಕೊಂಡು ಪ್ರಾಯೋಗಿಕ ಭಾಗವನ್ನು ಹೊಸದಾಗಿ ಬರೆದೆವು. ಈ ಸಲ ಬರೆದವರು ಭಾಲ್ಕಿ ಸರ್. ಹೇಳಿದವಳು ಅವಳು. ಮೊದಲ ಎರಡು ವಾರ ಕಾಲೇಜಿನಲ್ಲೇ ಅಂಗಡಿಯಿಂದ ತಂದ ಕಾಳಿನ ಮೇಲೆ ಕೈ ಪಳಗಿಸುವುದು. ಮೂರರಿಂದ ಏಳರವರೆಗೆ ಮಾರುಕಟ್ಟೆಯಲ್ಲಿ ಹೆಸರು, ಉದ್ದು. ಎಂಟರಿಂದ ಹತ್ತರವರೆಗೆ ಸೋಯಾ. ಸೋಯಾದಲ್ಲಿ ತೇವವೇ ದೊಡ್ಡ ತಂಟೆ, ಅದಕ್ಕೆ ಯಂತ್ರದಲ್ಲಿ ಅಳೆದದ್ದಕ್ಕೂ ಹಲ್ಲಿನಲ್ಲಿ ಕಡಿದು ಹೇಳಿದ್ದಕ್ಕೂ ತಾಳೆ ನೋಡುವುದು. ಅಲ್ಲಿಗೆ ಇಪ್ಪತ್ತು ತಾಸು, ನಾಲ್ಕನೆಯ ಫಲಿತಕ್ಕೆ. ಉಳಿದ ಐದು ವಾರ, ಹತ್ತು ತಾಸು, ಲಾಟಿನ ಬೆನ್ನು ಹತ್ತುವ ಐದನೆಯ ಫಲಿತಕ್ಕೆ. ಅಮಾವಾಸ್ಯೆಯ ದಿನ ಗಂಜು ಮುಚ್ಚಿರುತ್ತದೆ ಎಂದು ಚಾಚಾ ನೆನಪಿಸಿದರು. 'ಮಾರುಕಟ್ಟೆಯ ರಜೆಯಂದು ತಪ್ಪಿದ ತರಗತಿಯನ್ನು ಅದೇ ವಾರದಲ್ಲಿ ತುಂಬಿಕೊಳ್ಳತಕ್ಕದ್ದು' ಎಂದು ಸರ್ ಅಡಿಟಿಪ್ಪಣಿ ಹಾಕಿದರು. ಪರೀಕ್ಷೆಯ ಅಂಕಣದಲ್ಲಿ ಪ್ರಾಯೋಗಿಕಕ್ಕೆ ಮೂವತ್ತು ಅಂಕ: ಆರು ತಟ್ಟೆಯ ಪರೀಕ್ಷೆಗೆ ಹನ್ನೆರಡು, ದಾಖಲೆ ಪುಸ್ತಕಕ್ಕೆ ಹತ್ತು, ಮೌಖಿಕಕ್ಕೆ ಎಂಟು. ತೊಗರಿಯನ್ನು ಉಪನ್ಯಾಸದ ಎರಡನೆಯ ಘಟಕಕ್ಕೆ ಕಳಿಸಿದೆವು. ಅಲ್ಲಿ ಅದು ಬರೆಯುವ ಪರೀಕ್ಷೆಗೆ ಸಾಕಾಗುವಷ್ಟು ಇದೆ.

ಕೊನೆಯ ಕೋಷ್ಟಕದಲ್ಲಿ ನಾಲ್ಕನೆಯ ಫಲಿತದ ಮುಂದೆ 'ಉದ್ಯೋಗ ಕೌಶಲ' ಎಂಬ ಗುರಿಗೆ ಸರ್ ಮೂರು ಹಾಕಿದರು. 'ಜಾಗತಿಕ ದೃಷ್ಟಿ' ಎಂಬ ಗುರಿಗೆ ಏನೂ ಹಾಕದೆ ಸಣ್ಣ ಅಡ್ಡಗೆರೆ ಎಳೆದರು. ಅಡ್ಡಗೆರೆ ಎಳೆಯುವವರನ್ನು ನಾನು ಅಪರೂಪಕ್ಕೆ ನೋಡಿದ್ದೇನೆ.

"ಸರ್, ನಿಮಗ ಇದರಿಂದ ತ್ರಾಸ ಆಗ್ತದಲ್ರಿ," ಎಂದೆ. ಅವರ ಕಾಲೇಜಿನಲ್ಲಿ ಹುಡುಗರು ಹೆಚ್ಚು. ಪ್ರಾಯೋಗಿಕಕ್ಕೆ ಎರಡು ತಂಡ ಮಾಡಬೇಕು. ಪ್ರತಿ ವಾರ ಅವರೇ ನಾಲ್ಕು ತಾಸು ಬಿಸಿಲಿನಲ್ಲಿ ನಿಲ್ಲಬೇಕು.

"ನಾ ಮೊದಲ ಕಲೀಬೇಕಲ್ಲ," ಎಂದು ಹದಿನಾರನೆಯ ಪುಟ ತಿರುಗಿಸಿ ಸಹಿ ಹಾಕಿದರು. ಪುಟಕ್ಕೆ ಎಣ್ಣೆಯ ಬೆರಳು ಹತ್ತಿತು. ಚಾಚಾ ಅದನ್ನು ನೋಡಿ ಮುಖ ತಿರುಗಿಸಿಕೊಂಡು ಕೆಮ್ಮಿದರು.

ಅಧ್ಯಯನ ಮಂಡಳಿಯ ಸಭೆಗೆ ನಾವಿಬ್ಬರೇ ಹೋದೆವು. ಅತಿಥಿ ಉಪನ್ಯಾಸಕರಿಗೆ ಅಲ್ಲಿ ಕುರ್ಚಿಯಿಲ್ಲ. ಆ ದಿನ ಹನ್ನೊಂದು ಪತ್ರಿಕೆಗಳಿದ್ದವು. ನಮ್ಮದು ಒಂಬತ್ತನೆಯದು, ಊಟವಾದ ಮೇಲೆ. ಹೊರಗಿನ ಊರಿನಿಂದ ಬಂದ ತಜ್ಞರು ಪುಟ ತಿರುವುತ್ತ ಹೋಗಿ ಆರು ತಟ್ಟೆಯ ಹತ್ತಿರ ನಿಂತರು.

"ಈ ಪರೀಕ್ಷಾ ವಿಧಾನವನ್ನು ಎಲ್ಲಾದರೂ ಪ್ರಯೋಗಿಸಿ ನೋಡಿದ್ದೀರಾ?"

ಇಂಥ ಪ್ರಶ್ನೆ ಮಂಡಳಿಯಲ್ಲಿ ಬರುವುದಿಲ್ಲ. ಬಂದರೆ ಎಲ್ಲರೂ ನೀರು ಕುಡಿಯುತ್ತಾರೆ. ಭಾಲ್ಕಿ ಸರ್ ಎದ್ದು ನಿಂತರು. "ನೋಡೀವಿ ಸರ್. ಮೂರು ಜನ ಕೂತಿದ್ವಿ. ಇಬ್ಬರು ಪಾಸು, ಒಬ್ಬ ಫೇಲು."

"ಫೇಲಾದವರು ವಿದ್ಯಾರ್ಥಿಯೇ?"

"ಅಲ್ರಿ. ಈ ವಿಷಯದ ಹಿರಿಯ ಪ್ರಾಧ್ಯಾಪಕ."

ತಜ್ಞರು ತಲೆಯಾಡಿಸಿ, 'ಪರೀಕ್ಷೆಯ ಕಠಿಣತೆ ಸೂಕ್ತವಾಗಿದೆ' ಎಂದು ಬದಿಯಲ್ಲಿ ಬರೆದರು. ಅಧ್ಯಕ್ಷರು ಹತ್ತನೆಯ ಪತ್ರಿಕೆ ತೆಗೆಯಲು ಹೇಳಿದರು. ಸುತ್ತೋಲೆಯನ್ನು ನಾನು ಚೀಲದಿಂದ ತೆಗೆಯಬೇಕಾಗಲೇ ಇಲ್ಲ. ಎರಡು, ಸೊನ್ನೆ, ಎರಡು ಎಂದು ಉಳಿಯಿತು: ಉಪನ್ಯಾಸ ಎರಡು ತಾಸು, ಟ್ಯುಟೋರಿಯಲ್ ಇಲ್ಲ, ಪ್ರಾಯೋಗಿಕ ಎರಡು. ಹೊರಗೆ ಬಂದು ಅವಳಿಗೆ ಫೋನು ಮಾಡಿದೆ. "ಹೌದೇನ್ರಿ," ಎಂದಳು. ಆ ಕಡೆ ಕುಕ್ಕರು ಸೀಟಿ ಹೊಡೆಯಿತು. ಆಮೇಲೆ, "ಸರ್‌ಗೆ ಹೇಳ್ರಿ," ಎಂದಳು. ಏನು ಹೇಳಬೇಕೆಂದು ಹೇಳಲಿಲ್ಲ. ನಾನು ಪಕ್ಕದಲ್ಲಿದ್ದ ಸರ್‌ಗೆ, "ಹೇಳ್ರಿ ಅಂದಳು," ಎಂದೆ. "ಆತು," ಎಂದರು ಅವರು.

ಕಾಲೇಜು ಶುರುವಾದ ಮೇಲೆ ಔರಾದಿನಲ್ಲಿ ಕಾರ್ಯಭಾರ ಪಟ್ಟಿ ತಯಾರಾಯಿತು. ಅಲ್ಲಿನ ಗುಮಾಸ್ತರ ಕಂಪ್ಯೂಟರಿನಲ್ಲಿ ಪ್ರಾಯೋಗಿಕ ಎಂದರೆ ಪ್ರಯೋಗಾಲಯದ ಕೋಣೆಯ ಸಂಖ್ಯೆ ಕೇಳುತ್ತಿತ್ತು. ಖಾಲಿ ಬಿಟ್ಟರೆ ಮುಂದೆ ಹೋಗುತ್ತಿರಲಿಲ್ಲ. ಎರಡು ದಿನ ಅವಳ ಹದಿನೈದನೆಯ ತಾಸು ಆ ಖಾಲಿ ಮನೆಯ ಹತ್ತಿರ ನಿಂತಿತ್ತು. ಅವಳು ಪಠ್ಯಕ್ರಮದ ಆ ಪುಟವನ್ನು ಮುದ್ರಿಸಿ ಪ್ರಾಂಶುಪಾಲರ ಮುಂದಿಟ್ಟಳು. ಅವರು ಜಾಗದ ಅಂಕಣ ಓದಿ, ಗುಮಾಸ್ತರನ್ನು ಕರೆದು, ಕೋಣೆ ಸಂಖ್ಯೆಯ ಜಾಗದಲ್ಲಿ ಸೊನ್ನೆ ಹೊಡೆಯಲು ಹೇಳಿದರಂತೆ. ಕಂಪ್ಯೂಟರು ಸೊನ್ನೆಯನ್ನು ಒಪ್ಪಿಕೊಂಡಿತು.

ಪಟ್ಟಿಯ ಫೋಟೊ ನನಗೆ ಬಂದದ್ದು ಆಗಸ್ಟಿನಲ್ಲಿ, ನಾನು ಮನೆಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದಾಗ. ಕೆಳಗಿನ ಸಾಲಿನಲ್ಲಿ ಒಟ್ಟು ಹದಿನೈದು. ಪ್ರಾಂಶುಪಾಲರ ಸಹಿ, ಮೊಹರು. ಅದರ ಹಿಂದೆಯೇ ಫೋನು ಬಂತು.

"ಅಕ್ಕಾ, ಫೋಟೋ ನೋಡಿದ್ರೇನು?"

"ನೋಡ್ದೆ. ಪೂರಾ ಆತಲ್ಲ ತಂಗಿ."

"ಪೂರಾ ಆತ್ರಿ. ಎರಡು ಊರು ತಿರುಗೂದು ತಪ್ಪಿತು." ಉಸಿರು ಬಿಟ್ಟದ್ದು ಕೇಳಿಸಿತು. "ಖರೇ ಹೇಳಬೇಕಂದ್ರ ಪ್ರಾಕ್ಟಿಕಲ್ಲಿಗೆ ಮೊದಲನೇ ಎರಡು ತಾಸು ಕೊಟ್ಟಾರ, ಬುಧವಾರ. ಅಂದ್ರ ಮನಿ ಬಿಡೂದು ಏಳಕ್ಕ. ಹುಡುಗ್ಯಾರು ಈಗೇ ಶುರು ಮಾಡ್ಯಾರ, ಮಿಸ್ಸರಿ, ಗಂಜಿನಾಗ ಗಂಡಸರೇ ಇರ್ತಾರ, ನಾವು ಎಲ್ಲಿ ನಿಂದರಬೇಕ್ರಿ ಅಂತ."

"ಏನಂದಿ?"

"ಕಾಳಿನ ಮುಂದ ನಿಂದರ್ರಿ, ಅದಕ್ಕೇ ಮಾರ್ಕ್ಸ್ ಅವ ಅಂದೆ." ನಕ್ಕಳು. "ಹಿಂದಿನ ವಾರದಿಂದ ಹೆಸರು ಬರ್ಲಕತ್ತಾದರಿ. ಮಳಿಗೆ ಸಿಕ್ಕದ್ದು, ಒಂದಿಷ್ಟು ಕಪ್ಪಾಗ್ಯಾದ. ಹುಡುಗರಿಗೆ ತೋರಿಸ್ಲಾಕ ಛಲೋ ಆಗ್ತದ."